ಕಟ್-ಆಫ್ ದಿನ ನಿಮ್ಮ ವಯಸ್ಸೆಷ್ಟು?
(ಕಾರವಾರದಲ್ಲಿ ಉದ್ಯೋಗಾಕಾಂಕ್ಷಿಗಳ ಮುಂದೆ ಮಾಡಿದ ಉಪನ್ಯಾಸದ ಪಠ್ಯ)

ಎಲ್ಲರಿಗೂ ನಮಸ್ಕಾರ. ಅಂಕೋಲಾ, ಹೊನ್ನಾವರದಿಂದ ಬಂದಿದ್ದೀರಿ, ಜೋಯಿಡಾ ಕಡೆಯಿಂದ ಬೆಳಿಗ್ಗೆಯ ಬಸ್ಸು ಹಿಡಿದು ಬಂದವರೂ ಇದ್ದೀರಿ. ಇವತ್ತು ಪರೀಕ್ಷೆಯ ತಯಾರಿ ಬಗ್ಗೆ ಮಾತಾಡುವುದಿಲ್ಲ. ಅರ್ಜಿಯಲ್ಲಿ ಬರುವ ವಯಸ್ಸಿನ ಕಾಲಂ ಬಗ್ಗೆ ಮಾತ್ರ ಹೇಳುತ್ತೇನೆ. ಇಲ್ಲಿ ತಪ್ಪಿದರೆ ಪರೀಕ್ಷೆ ಪಾಸಾದ ಮೇಲೂ ದಾಖಲೆ ಪರಿಶೀಲನೆಯ ಟೇಬಲ್ಲಿನಿಂದ ವಾಪಸ್ ಬರಬೇಕಾಗುತ್ತದೆ.

ಮೊದಲು, ಯಾವ ದಿನದ ವಯಸ್ಸು? ಅರ್ಜಿ ತುಂಬುವ ದಿನದ್ದಲ್ಲ, ಪರೀಕ್ಷೆಯ ದಿನದ್ದೂ ಅಲ್ಲ. ಕೆಪಿಎಸ್‌ಸಿ ಅಧಿಸೂಚನೆಗಳಲ್ಲಿ ಸಾಮಾನ್ಯವಾಗಿ ಅರ್ಜಿ ಸಲ್ಲಿಸುವ ಕೊನೆಯ ದಿನಾಂಕಕ್ಕೆ ವಯಸ್ಸು ನೋಡುತ್ತಾರೆ. ಕೇಂದ್ರದ ಎಸ್‌ಎಸ್‌ಸಿ, ಯುಪಿಎಸ್‌ಸಿಯವರು ಒಂದು ದಿನಾಂಕವನ್ನು ಪ್ರತ್ಯೇಕವಾಗಿ ಹೇಳಿಬಿಡುತ್ತಾರೆ, ಆಗಸ್ಟ್ 1ರ ಹಾಗೆ. ಅರ್ಜಿಯ ಕೊನೆ ದಿನವನ್ನು ಮುಂದೆ ಹಾಕಿದರೆ ವಯಸ್ಸಿನ ದಿನಾಂಕವೂ ಮುಂದೆ ಹೋಯಿತು ಅಂತ ಸುಮ್ನೆ ಅಂದುಕೊಳ್ಳಬೇಡಿ. ತಿದ್ದುಪಡಿ ಪ್ರಕಟಣೆಯಲ್ಲಿ ಅದನ್ನು ಏನು ಮಾಡಿದ್ದಾರೆ ಅಂತ ಓದಲೇಬೇಕು. ಮುಂದೆ ಹೋದರೆ ಕೆಲವರು ಒಳಗೆ ಬರುತ್ತಾರೆ, ಗರಿಷ್ಠ ಮಿತಿಯ ಅಂಚಿನಲ್ಲಿದ್ದವರು ಹೊರಗೆ ಹೋಗುತ್ತಾರೆ.

ಈಗ ಲೆಕ್ಕ. ಬಹಳ ಜನ ಹುಟ್ಟಿದ ದಿನದಿಂದ ಮುಂದಕ್ಕೆ ಎಣಿಸುತ್ತಾರೆ. ನಾನು ಹೇಳುವುದು ಹಿಂದಕ್ಕೆ ಬನ್ನಿ ಅಂತ. ವಯಸ್ಸು ನೋಡುವ ಆ ಕಟ್-ಆಫ್ ದಿನದಿಂದ ಗರಿಷ್ಠ ವಯಸ್ಸನ್ನು ಕಳೆಯಿರಿ. ಬರುವ ದಿನಾಂಕವನ್ನು ನಿಮ್ಮ ಎಸ್‌ಎಸ್‌ಎಲ್‌ಸಿ ಅಂಕಪಟ್ಟಿಯ ಜನ್ಮ ದಿನಾಂಕದ ಪಕ್ಕದಲ್ಲಿ ಇಡಿ. ಆಧಾರ್‌ನಲ್ಲಿ ಬೇರೆ ತಾರೀಖು ಇದ್ದರೆ ಅರ್ಜಿಗೆ ಮೊದಲೇ ಸರಿಮಾಡಿಸಿಕೊಳ್ಳಿ.

ಒಂದು ಉದಾಹರಣೆ ಮಾಡೋಣ. ಕೇಂದ್ರದ ಒಂದು ಹುದ್ದೆ, ವಯಸ್ಸು 18ರಿಂದ 27, ಕಟ್-ಆಫ್ 01-08-2025. ಇಂಥ ಕಡೆ ಎಸ್‌ಎಸ್‌ಸಿ ಬರೆಯುವುದು ಹೀಗೆ: 02-08-1998ಕ್ಕಿಂತ ಮೊದಲು ಹುಟ್ಟಿರಬಾರದು, 01-08-2007ರ ನಂತರವೂ ಹುಟ್ಟಿರಬಾರದು. ನೋಡಿ, ಮೇಲಿನ ಮಿತಿಗೆ ಆಗಸ್ಟ್ 2, ಕೆಳಗಿನ ಮಿತಿಗೆ ಆಗಸ್ಟ್ 1. 01-08-1998ರಂದು ಹುಟ್ಟಿದವರಿಗೆ ಅವತ್ತು 27 ತುಂಬಿಬಿಟ್ಟಿರುತ್ತದೆ, ಅವರು ಹೊರಗೆ. "27 ನಡೀತಾ ಇದೆ, 28 ಆಗಿಲ್ವಲ್ಲ" ಅನ್ನುವ ವಾದ ಇಲ್ಲಿ ನಡೆಯುವುದಿಲ್ಲ.

ಈ ಒಂದು ದಿನದ ವ್ಯತ್ಯಾಸ ಸುಪ್ರೀಂ ಕೋರ್ಟ್‌ವರೆಗೂ ಹೋಗಿದೆ. ರಾಜಸ್ಥಾನದ ಒಬ್ಬ ಅಭ್ಯರ್ಥಿ ಹುಟ್ಟಿದ್ದು 02-01-1956. ನಿಯಮದ ಪ್ರಕಾರ 01-01-1984ಕ್ಕೆ 28 ತುಂಬಿರಬಾರದು. ನನ್ನ ಹುಟ್ಟುಹಬ್ಬ ನಾಳೆ, ಇವತ್ತು 28 ಆಗಿಲ್ಲ ಅನ್ನುವುದು ಅವರ ವಾದ. 1986ರಲ್ಲಿ ಕೋರ್ಟ್ ಅದನ್ನು ಒಪ್ಪಲಿಲ್ಲ. ಹುಟ್ಟಿದ ದಿನವನ್ನೂ ಒಂದು ಪೂರ್ತಿ ದಿನ ಅಂತ ಎಣಿಸಬೇಕು, ಹಾಗಾಗಿ ಹುಟ್ಟುಹಬ್ಬದ ಹಿಂದಿನ ದಿನಕ್ಕೇ ವರ್ಷ ತುಂಬುತ್ತದೆ ಅಂದಿತು. ಆ ಲೆಕ್ಕಕ್ಕೆ ಆಗಸ್ಟ್ 2ರಂದು ಹುಟ್ಟಿದವರೂ ಹೊರಗೆ ಹೋಗಬೇಕಿತ್ತು, ಅಲ್ವಾ? ಆದರೆ ಎಸ್‌ಎಸ್‌ಸಿ, ಯುಪಿಎಸ್‌ಸಿ ತಮ್ಮ ಅಧಿಸೂಚನೆಯಲ್ಲಿ ಜನ್ಮ ದಿನಾಂಕವನ್ನೇ ಬರೆದು ಅವರನ್ನು ಒಳಗೆ ಇಟ್ಟಿವೆ. ಆದ್ದರಿಂದ ದಿನಾಂಕ ಬರೆದಿದ್ದರೆ ಅದನ್ನೇ ಹಿಡಿಯಿರಿ. ಬರೀ ವರ್ಷ ಕೊಟ್ಟು, ನಿಮ್ಮ ಹುಟ್ಟುಹಬ್ಬ ಕಟ್-ಆಫ್ ದಿನವೇ ಅಥವಾ ಅದರ ಮಾರನೇ ದಿನ ಇದ್ದರೆ, ಅರ್ಜಿಗೆ ಮೊದಲು ಸಹಾಯವಾಣಿಗೆ ಇಮೇಲ್ ಮಾಡಿ, ಉತ್ತರವನ್ನು ತೆಗೆದಿಟ್ಟುಕೊಳ್ಳಿ.

ಇನ್ನು ಸಡಿಲಿಕೆ. ನಮ್ಮ ಜಿಲ್ಲೆಯವರು ಜಾಸ್ತಿ ಎಡವುವುದು ಇಲ್ಲೇ. ರಾಜ್ಯಕ್ಕೂ ಕೇಂದ್ರಕ್ಕೂ ಲೆಕ್ಕ ಬೇರೆ ಬೇರೆ. ರಾಜ್ಯದ ಸಾಮಾನ್ಯ ನೇಮಕಾತಿ ನಿಯಮದಲ್ಲಿ ಸಾಮಾನ್ಯ ವರ್ಗಕ್ಕೆ 35, 2ಎ, 2ಬಿ, 3ಎ, 3ಬಿಗೆ 38, ಪರಿಶಿಷ್ಟ ಜಾತಿ, ಪಂಗಡ ಮತ್ತು ಪ್ರವರ್ಗ-1ಕ್ಕೆ 40. ಸರ್ಕಾರ ಆಗಾಗ ಒಂದು ಬಾರಿಗೆ ಅಂತ ಇನ್ನೂ ಸಡಿಲಿಸುತ್ತದೆ, ಪೊಲೀಸ್ ಮುಂತಾದ ಇಲಾಖೆಗಳಿಗೆ ಬೇರೆ ನಿಯಮ ಇದೆ. ಹಾಗಾಗಿ ಆಯಾ ಅಧಿಸೂಚನೆಯ ಅಂಕಿಯೇ ಅಂತಿಮ. ಕೇಂದ್ರದಲ್ಲಿ ಸಾಮಾನ್ಯವಾಗಿ ಒಬಿಸಿಗೆ 3 ವರ್ಷ, ಪರಿಶಿಷ್ಟರಿಗೆ 5 ವರ್ಷ.

ಕರಾವಳಿಯ ಮೀನುಗಾರ ಕುಟುಂಬದ ಮಕ್ಕಳಲ್ಲಿ ಬಹಳ ಜನರ ಹತ್ತಿರ ಪ್ರವರ್ಗ-1ರ ಪ್ರಮಾಣಪತ್ರ ಇದೆ. ರಾಜ್ಯದಲ್ಲಿ ಅವರಿಗೆ ಪರಿಶಿಷ್ಟರಷ್ಟೇ 5 ವರ್ಷ ಜಾಸ್ತಿ ಸಿಗುತ್ತದೆ. ಅದನ್ನೇ ನೆನಪಿಟ್ಟು ಕೇಂದ್ರದ ಹುದ್ದೆಗೂ 5 ವರ್ಷ ಅಂದುಕೊಳ್ಳುತ್ತಾರೆ. ಕೇಂದ್ರದಲ್ಲಿ ಪ್ರವರ್ಗ-1 ಅನ್ನುವುದೇ ಇಲ್ಲ. ಜಾತಿ ಕೇಂದ್ರದ ಒಬಿಸಿ ಪಟ್ಟಿಯಲ್ಲಿದ್ದು, ಕೆನೆಪದರಕ್ಕೆ ಸೇರದಿದ್ದರೆ 3 ವರ್ಷ, ಅಷ್ಟೇ. ರಾಜ್ಯದಲ್ಲಿ ಪ್ರವರ್ಗ-1ಕ್ಕೆ ಕೆನೆಪದರ ಇಲ್ಲದ್ದರಿಂದ ಆ ಪ್ರಶ್ನೆಯೇ ಅವರಿಗೆ ಹೊಳೆಯುವುದಿಲ್ಲ.

ಕುಮಟಾದ ಒಬ್ಬ ಹುಡುಗಿ 14-09-1995ರಂದು ಹುಟ್ಟಿದ್ದಾಳೆ, 2ಎ ವರ್ಗ, ಜಾತಿ ಕೇಂದ್ರದ ಒಬಿಸಿ ಪಟ್ಟಿಯಲ್ಲೂ ಇದೆ ಅಂತಿಟ್ಟುಕೊಳ್ಳೋಣ. 01-08-2025ಕ್ಕೆ ಅವಳಿಗೆ 29 ವರ್ಷ 10 ತಿಂಗಳು 18 ದಿನ. ಆಗ ನೋಡಿದ ಕೇಂದ್ರದ ಹುದ್ದೆಗೆ ಸಾಮಾನ್ಯ ಮಿತಿ 27, ಅದು ಮೀರಿದೆ. ಒಬಿಸಿ ಆಗಿ 3 ವರ್ಷ ಸೇರಿದರೆ 02-08-1995ರಂದು ಅಥವಾ ಅದರ ನಂತರ ಹುಟ್ಟಿದವರೂ ಬರುತ್ತಾರೆ, ಅವಳೂ ಬಂದಳು. ಆದರೆ ಅವಳ ಕೈಯಲ್ಲಿರುವುದು ರಾಜ್ಯದ ನೇಮಕಾತಿಗೆ ಪಡೆದ ನಮೂನೆ-ಎಫ್. ಕೇಂದ್ರಕ್ಕೆ ಅದು ನಡೆಯುವುದಿಲ್ಲ. ಕೇಂದ್ರದ ನಮೂನೆಯ ಒಬಿಸಿ ಪ್ರಮಾಣಪತ್ರ ಬೇರೆ ತೆಗೆಸಬೇಕು. ಅಧಿಸೂಚನೆ ಹೇಳಿದ ತಾರೀಖಿನ ಒಳಗೆ ಅದು ಕೈಯಲ್ಲಿರಬೇಕು. ನಾಡಕಚೇರಿಗೆ ಅರ್ಜಿ ಹಾಕಿದ ರಸೀದಿ ಪ್ರಮಾಣಪತ್ರ ಆಗುವುದಿಲ್ಲ.

ಇನ್ನೊಂದು. ವರ್ಗದ ಕಾಲಂನಲ್ಲಿ ಒಬಿಸಿ ಅಂತ ತುಂಬಿ, "ವಯೋಮಿತಿ ಸಡಿಲಿಕೆ ಬೇಕೇ" ಅನ್ನುವ ಕಡೆ "ಇಲ್ಲ" ಒತ್ತಿ ಹೋದವರಿದ್ದಾರೆ. ಅರ್ಜಿಯಲ್ಲಿ ಆ ಪ್ರಶ್ನೆ ಪ್ರತ್ಯೇಕವಾಗಿ ಇದ್ದರೆ ಅದಕ್ಕೂ "ಹೌದು" ಅನ್ನಬೇಕು. ಸಾಮಾನ್ಯ ವರ್ಗ ಅಂತಲೇ ಅರ್ಜಿ ಹಾಕಿದವರಿಗೆ ಜಾತಿಯ ಸಡಿಲಿಕೆ ಸಿಗುವುದಿಲ್ಲ.

ಕಾರವಾರದಲ್ಲಿ ನೌಕಾನೆಲೆ ಇದೆ, ಸುತ್ತಮುತ್ತ ಸೇನೆಯಿಂದ ನಿವೃತ್ತರಾದವರೂ ಇದ್ದಾರೆ. ಅವರಲ್ಲಿ ಕೆಲವರು ಅರ್ಹರಿದ್ದೂ ಅರ್ಜಿಯೇ ಹಾಕುವುದಿಲ್ಲ, ಅದು ನನಗೆ ತುಂಬಾ ಬೇಸರದ ಸಂಗತಿ. ಸದಾಶಿವಗಡ ಕಡೆಯ ಒಬ್ಬರು 10-03-1985ರಂದು ಹುಟ್ಟಿದವರು, 17 ವರ್ಷ ಸೇನೆಯಲ್ಲಿದ್ದು ಬಂದವರು ಅಂತಿಟ್ಟುಕೊಳ್ಳಿ. ಅದೇ 27ರ ಹುದ್ದೆ ನೋಡಿ, ಮಾಜಿ ಸೈನಿಕರಿಗೆ 3 ವರ್ಷ ಅಂದರೆ 30, ನನಗೆ 40 ದಾಟಿದೆ ಅಂತ ಪುಟ ಮುಚ್ಚುತ್ತಾರೆ. ಆದರೆ ನಿಯಮದಲ್ಲಿ ಮೊದಲು ಸೇವಾವಧಿಯನ್ನು ವಯಸ್ಸಿನಿಂದ ಕಳೆಯಬೇಕು. ಅವರಿಗೆ 01-08-2025ಕ್ಕೆ 40 ವರ್ಷ 4 ತಿಂಗಳು 22 ದಿನ. ಅದರಲ್ಲಿ 17 ಹೋದರೆ 23 ವರ್ಷ 4 ತಿಂಗಳು 22 ದಿನ. ಮಿತಿ 30. ಇನ್ನೂ ಆರು ವರ್ಷಕ್ಕಿಂತ ಹೆಚ್ಚು ಜಾಗ ಇದೆ! ರಾಜ್ಯದಲ್ಲಿಯೂ ಸೇವೆ ಸಲ್ಲಿಸಿದ ವರ್ಷಗಳಿಗೆ 3 ಸೇರಿಸಿ ಮಿತಿಯನ್ನು ಏರಿಸುತ್ತಾರೆ. ಕಳೆಯುವುದಾಗಲಿ ಸೇರಿಸುವುದಾಗಲಿ, ಬಿಡುಗಡೆ ಪುಸ್ತಕದಲ್ಲಿರುವ ಸೇವಾವಧಿಯನ್ನು ವರ್ಷ, ತಿಂಗಳು, ದಿನ ಹಾಗೇ ತೆಗೆದುಕೊಳ್ಳಿ. 16 ವರ್ಷ 8 ತಿಂಗಳನ್ನು 17 ಅಂತ ಬರೆಯಬೇಡಿ.

ಎರಡು ಸಡಿಲಿಕೆ ಇದ್ದವರು ತಾವೇ ಕೂಡಿಸಿಕೊಳ್ಳಬೇಡಿ. ಕೇಂದ್ರದಲ್ಲಿ ಅಂಗವಿಕಲರಿಗೆ 10, ಅವರೇ ಒಬಿಸಿ ಆದರೆ 13, ಪರಿಶಿಷ್ಟರಾದರೆ 15 ಅಂತ ಪಟ್ಟಿಯಲ್ಲೇ ಇರುತ್ತದೆ. ಪಟ್ಟಿಯಲ್ಲಿ ಇಲ್ಲದ ಜೋಡಿಗೆ ಸಡಿಲಿಕೆ ಇದೆ ಅಂತ ಊಹಿಸಬೇಡಿ. ಈಗ ಅಂಕಪಟ್ಟಿ ತಂದವರು ಮುಂದೆ ಬನ್ನಿ. ನಿಮ್ಮ ನಿಮ್ಮ ಅಧಿಸೂಚನೆ ಇಟ್ಟುಕೊಂಡು ಒಬ್ಬೊಬ್ಬರದ್ದೇ ಲೆಕ್ಕ ಹಾಕೋಣ.