ಚಳಿಗಾಲದ ರಾತ್ರಿ ಬೆವರಿದ್ರೆ

ಎಲ್ಲರಿಗೂ ನಮಸ್ಕಾರ. ಡಿಸೆಂಬರ್ ಕೊನೇಲಿ, ಕಾಫಿ ಕೊಯ್ಲು ಜೋರಾಗಿರೋ ಹೊತ್ತಲ್ಲಿ, ಸೋಮವಾರಪೇಟೆ ಕಡೆಯಿಂದ ಒಬ್ರು ಅಕ್ಕ ನನ್ನ ಕ್ಲಿನಿಕ್ಕಿಗೆ ಬಂದ್ರು. ವಯಸ್ಸು ಐವತ್ತು. "ಡಾಕ್ಟ್ರೇ, ಹೊರಗಡೆ ಮಂಜು ಸುರೀತಾ ಇದೆ, ಮನೆಯವ್ರು ಎರಡು ಕಂಬಳಿ ಹೊದ್ಕೊಂಡು ಮಲಗಿದ್ದಾರೆ, ನಾನು ಮಾತ್ರ ರಾತ್ರಿ ಎದ್ದು ಒದ್ದೆ ನೈಟಿ ಬದಲಾಯಿಸ್ತಾ ಇದ್ದೀನಿ" ಅಂದ್ರು. ಮುಟ್ಟು ಬಂದು ನಾಲ್ಕು ತಿಂಗಳಾಗಿತ್ತು. ನಿಜ ಹೇಳ್ಬೇಕಂದ್ರೆ ನನ್ನ ತಲೇಲಿ ಆಗಲೇ ಉತ್ತರ ರೆಡಿ ಇತ್ತು, ಮೆನೋಪಾಸ್ ಅಲ್ವಾ, ಇನ್ನೇನು ಅಂತ. ಆದ್ರೆ ಅವ್ರು ಕೈ ಚಾಚಿ ಚೀಟಿ ಕೊಟ್ಟಾಗ ಆ ಚೀಟಿ ಸಣ್ಣಗೆ ನಡುಗ್ತಾ ಇತ್ತು.

ಅದಕ್ಕೇ ಕೂರಿಸಿ ಮತ್ತೆ ಮೊದಲಿಂದ ಕೇಳಿದೆ. ಅವ್ರಿಗೆ ಥೈರಾಯ್ಡ್ ಕಮ್ಮಿ ಇತ್ತು, ಎಂಟು ವರ್ಷದಿಂದ ಥೈರಾಕ್ಸಿನ್ ಮಾತ್ರೆ ತಗೋತಿದ್ರು. ಹೇಗೆ ತಗೋತಿದ್ರು ಅಂದ್ರೆ, ನಮ್ಮ ಕೊಡಗಿನವ್ರು ಹೇಗೆ ತಗೊಳ್ಳಬಹುದೋ ಹಾಗೇ, ಬೆಳಿಗ್ಗೆ ಎದ್ದ ತಕ್ಷಣ ಬೆಲ್ಲದ ಕಾಫಿ ಜೊತೆ. ಕಾಫಿ ಜೊತೆ ನುಂಗಿದ್ರೆ ಆ ಮಾತ್ರೆ ಕರುಳಲ್ಲಿ ಸರಿಯಾಗಿ ಹೀರಿಕೊಳ್ಳಲ್ಲ, ಒಂದಷ್ಟು ಹಾಗೇ ಹೊರಗೆ ಹೋಗುತ್ತೆ. ಟಿಎಸ್‌ಹೆಚ್ ಟೆಸ್ಟ್ ಮಾಡಿಸಿದಾಗೆಲ್ಲ ಜಾಸ್ತಿ ಬರ್ತಿತ್ತು, ಅಂದ್ರೆ ಮೈಗೆ ಥೈರಾಯ್ಡ್ ಸಾಲ್ತಿಲ್ಲ ಅಂತ, ಹಾಗಾಗಿ 75 ಮೈಕ್ರೋಗ್ರಾಂ ಇದ್ದದ್ದು 100 ಆಯ್ತು, ಆಮೇಲೆ 125 ಆಯ್ತು. ಕಾಫಿ ಬಗ್ಗೆ ಯಾರೂ ಕೇಳ್ಲಿಲ್ಲ. ಹೋದ ಪುತ್ತರಿಗೆ ಮನೆಗೆ ಬಂದ ನಾದಿನಿ ಮಗಳು, ಅವ್ಳು ನರ್ಸು, "ಅತ್ತೆ, ಇದನ್ನ ಖಾಲಿ ಹೊಟ್ಟೇಲಿ ಬರೀ ನೀರಲ್ಲಿ ತಗೊಳ್ಳಿ, ಒಂದು ಗಂಟೆ ಬಿಟ್ಟು ಕಾಫಿ ಕುಡೀರಿ" ಅಂದ್ಳು. ಅವ್ಳು ಹೇಳಿದ್ದು ನೂರಕ್ಕೆ ನೂರು ಸರಿ. ಆದ್ರೆ ಡೋಸ್ ಕಮ್ಮಿ ಮಾಡಿಸ್ಬೇಕಿತ್ತಲ್ಲ, ಅದು ಯಾರಿಗೂ ಹೊಳೀಲಿಲ್ಲ! ಕಾಫಿಗೆ ಸೋರಿ ಹೋಗೋ ಲೆಕ್ಕದಲ್ಲಿ ಏರಿಸಿದ್ದ 125 ಈಗ ಪೂರ್ತಿ ಮೈಗೆ ಹತ್ತೋಕೆ ಶುರುವಾಯ್ತು.

ಬೆವರು ಅಂದ್ರೆ ಎಲ್ಲಾ ಒಂದೇ ಅಲ್ಲ ನೋಡಿ, ಅದು ಹೇಗೆ ಶುರುವಾಗುತ್ತೆ ಹೇಗೆ ಮುಗಿಯುತ್ತೆ ಅನ್ನೋದ್ರಲ್ಲೇ ಅರ್ಧ ಉತ್ತರ ಇರುತ್ತೆ. ಮುಟ್ಟು ನಿಲ್ಲೋ ಸಮಯದ ಬಿಸಿ, ನಾವು ಹಾಟ್ ಫ್ಲಶ್ ಅಂತೀವಲ್ಲ, ಅದಕ್ಕೆ ಒಂದು ಶುರು ಒಂದು ಕೊನೆ ಇರುತ್ತೆ. ಎದೆಯಿಂದ ಝಳ ಏಳುತ್ತೆ, ಕುತ್ತಿಗೆ, ಮುಖ, ಕಿವಿ ಬಿಸಿಯಾಗುತ್ತೆ, ಬೆವರು ಬರುತ್ತೆ, ಎರಡು ಮೂರು ನಿಮಿಷಕ್ಕೆ ಇಳಿದುಬಿಡುತ್ತೆ, ಇಳಿದ ಮೇಲೆ ಚಳಿ ಆಗಿ ಕಂಬಳಿ ಎಳ್ಕೋತೀವಿ. ಈಸ್ಟ್ರೋಜನ್ ಅನ್ನೋ ಹೆಣ್ಣಿನ ಹಾರ್ಮೋನ್ ಇಳಿದಾಗ ಮೆದುಳಲ್ಲಿ ಮೈ ಬಿಸಿ ನೋಡ್ಕೊಳ್ಳೋ ಭಾಗ ಸೂಕ್ಷ್ಮ ಆಗ್ಬಿಡುತ್ತೆ, ಮೊದಲು ಲೆಕ್ಕಕ್ಕೇ ತಗೊಳ್ಳದ ಚೂರು ಬಿಸಿಗೂ ಈಗ "ಬೆವರಿಸು, ಬೆವರಿಸು" ಅಂತ ಆರ್ಡರ್ ಕೊಡುತ್ತೆ. ಎರಡು ಝಳದ ಮಧ್ಯೆ ಆ ಹೆಂಗಸು ಆರಾಮಾಗೇ ಇರ್ತಾಳೆ.

ಥೈರಾಯ್ಡ್ ಜಾಸ್ತಿಯಾದ್ರೆ ಹಾಗಲ್ಲ, ಅದಕ್ಕೆ ಶುರು ಕೊನೆ ಇಲ್ಲ. ಇಡೀ ದಿನ ಸೆಕೆ, ಅಂಗೈ ಬೆಚ್ಚಗೆ ಒದ್ದೆ, ಸುಮ್ನೆ ಕೂತಿದ್ರೂ ಎದೆ ಹೊಡ್ಕೊಳ್ಳೋದು, ಊಟ ಚೆನ್ನಾಗಿ ಸೇರಿದ್ರೂ ತೂಕ ಇಳಿಯೋದು, ದಿನಕ್ಕೆ ಎರಡು ಮೂರು ಸಲ ಲೆಟ್ರಿನ್‌ಗೆ ಹೋಗೋದು. ಇನ್ನೊಂದು ತಂಟೆ ಏನಂದ್ರೆ ಥೈರಾಯ್ಡ್ ಜಾಸ್ತಿಯಾದಾಗ್ಲೂ ಮುಟ್ಟು ಕಮ್ಮಿ ಆಗಬಹುದು, ತಪ್ಪಿ ಹೋಗಬಹುದು, ಹಾಗಾಗಿ ಮುಟ್ಟು ತಪ್ಪಿದ್ದನ್ನ ಮಾತ್ರ ನಂಬ್ಕೊಂಡು ತೀರ್ಮಾನ ಮಾಡೋ ಹಾಗಿಲ್ಲ. ಮನೇಲೇ ಒಂದು ಕೆಲಸ ಮಾಡ್ಬಹುದು. ಬೆಳಿಗ್ಗೆ ಎಚ್ಚರ ಆದಾಗ, ಹಾಸಿಗೆ ಬಿಟ್ಟು ಏಳೋ ಮೊದಲು, ಮಣಿಕಟ್ಟಲ್ಲಿ ಬೆರಳಿಟ್ಟು ಒಂದು ನಿಮಿಷ ನಾಡಿ ಎಣಿಸಿ. ಮೂರ್ನಾಲ್ಕು ದಿನ ಎಣಿಸಿ ಬರ್ಕೊಳ್ಳಿ. ದಿನಾ 90ರ ಮೇಲೆ ಇದ್ರೆ ಅದನ್ನ ಮೆನೋಪಾಸ್ ಅಂತ ಬಿಟ್ಟುಬಿಡಬೇಡಿ. ಹಾಟ್ ಫ್ಲಶ್ ಬಂದಾಗ್ಲೂ ನಾಡಿ ಏರುತ್ತೆ, ಆದ್ರೆ ಅದು ಇಳಿದು ಹೋಗುತ್ತೆ.

ಇನ್ನು ಟೆನ್ಷನ್. ಈ ಅಕ್ಕನಿಗೆ ಮೊದಲು ಬೇರೆ ಕಡೆ "ನಿಮಗೆ ಟೆನ್ಷನ್" ಅಂತ ನಿದ್ದೆ ಮಾತ್ರೆ ಕೊಟ್ಟಿದ್ರಂತೆ, ನಿದ್ದೆ ಬಂತು, ಬೆವರು ನಿಲ್ಲಲಿಲ್ಲ. ನಮ್ಮ ಹೆಂಗಸ್ರು ಏನು ಹೇಳಿದ್ರೂ ಟೆನ್ಷನ್ ಅಂದ್ಬಿಡೋದು ನಂಗೆ ಸಿಟ್ಟು ಬರೋ ವಿಷಯ, ಇರಲಿ. ಪ್ಯಾನಿಕ್ ಅಟ್ಯಾಕ್ ಅನ್ನೋದೂ ನಿಜವಾದ ಕಾಯಿಲೆನೇ, ಆದ್ರೆ ಅದ್ರಲ್ಲಿ ಸಾಮಾನ್ಯವಾಗಿ ಮೊದಲು ಬರೋದು ಭಯ. ಈಗ ಸತ್ತೇ ಹೋಗ್ತೀನೇನೋ ಅನ್ನೋ ಭಯ, ಉಸಿರು ಸಾಲದ ಹಾಗೆ, ಬೆರಳ ತುದಿ ಬಾಯಿ ಸುತ್ತ ಜುಮ್ ಅನ್ನೋದು, ಬೆವರು ಅದರ ಹಿಂದೆ. ಹಾಟ್ ಫ್ಲಶ್‌ನಲ್ಲಿ ಝಳ ಮೊದಲು, ಗಾಬರಿ ಬಂದ್ರೆ ಆಮೇಲೆ. ನಾನು ಕೇಳಿದೆ, "ಅಕ್ಕ, ರಾತ್ರಿ ಎಚ್ಚರ ಆದಾಗ ಮೊದಲು ಏನು?" ಅಂತ. "ಮೊದಲು ಬೆಂಕಿ ಡಾಕ್ಟ್ರೇ, ಆಮೇಲೆ ಎದೆ ಡವಡವ, ಆಮೇಲೆ ಹಾರ್ಟ್ ಅಟ್ಯಾಕ್ ಏನೋ ಅಂತ ಹೆದರಿಕೆ" ಅಂದ್ರು. ಅಂದ್ರೆ ಹೆದರಿಕೆ ಇತ್ತು, ಆದ್ರೆ ಬೇರು ಅದಲ್ಲ.

ನಾಡಿ 104, ತೂಕ ಆರು ವಾರದಲ್ಲಿ ಮೂರು ಕೆಜಿ ಇಳಿದಿತ್ತು. ಚಾಚಿದ ಬೆರಳುಗಳ ಮೇಲೆ ಒಂದು ಹಾಳೆ ಇಟ್ಟೆ, ಅದರ ಅಂಚು ಪಟಪಟ ಅಂತಿತ್ತು. ಇಸಿಜಿಯಲ್ಲಿ ಬಡಿತ ಜೋರು ಇತ್ತು, ತಾಳ ತಪ್ಪಿರ್ಲಿಲ್ಲ. ಅದನ್ನ ಯಾಕೆ ನೋಡೋದು ಅಂದ್ರೆ, ಥೈರಾಯ್ಡ್ ಜಾಸ್ತಿ ಇದ್ದು ಹಾಗೇ ಬಿಟ್ರೆ ವಯಸ್ಸಾದವ್ರಲ್ಲಿ ಹೃದಯದ ತಾಳ ತಪ್ಪಬಹುದು, ಮೂಳೆನೂ ಸವೆಯುತ್ತೆ. ಟಿಎಸ್‌ಹೆಚ್ 0.05 ಬಂತು, ಇರಬೇಕಾದ್ದು ಹೆಚ್ಚುಕಮ್ಮಿ 0.4ರಿಂದ 4ರ ಒಳಗೆ, ಅದು ಇಷ್ಟು ಇಳಿದಿದೆ ಅಂದ್ರೆ ಮೈಯಲ್ಲಿ ಥೈರಾಯ್ಡ್ ಜಾಸ್ತಿಯಾಗಿದೆ ಅಂತ. ಮೆನೋಪಾಸ್‌ಗೆ ಅಂತ ಎಫ್‌ಎಸ್‌ಹೆಚ್ ಅನ್ನೋ ಹಾರ್ಮೋನ್ ಟೆಸ್ಟ್ ಬರೀಲಿಲ್ಲ, 45 ದಾಟಿದವ್ರಿಗೆ ಅದು ಸಾಮಾನ್ಯವಾಗಿ ಬೇಡ, ದುಡ್ಡು ದಂಡ. ಕೂದಲಿಗೆ ಅಂತ ಬಯೋಟಿನ್ ಮಾತ್ರೆ ತಗೋತೀರಾ ಅಂತ ಕೇಳಿದ್ದೆ, ಇಲ್ಲ ಅಂದ್ರು. ಅದನ್ನ ತಗೋತಿದ್ರೆ ಕೆಲವು ಲ್ಯಾಬ್ ಮೆಷಿನ್‌ಗಳಲ್ಲಿ ಥೈರಾಯ್ಡ್ ಜಾಸ್ತಿ ಇರೋ ಹಾಗೆ ಸುಳ್ಳು ರಿಪೋರ್ಟ್ ಬರುತ್ತೆ, ಟೆಸ್ಟಿಗೆ ಕಮ್ಮಿ ಅಂದ್ರೂ ಎರಡು ದಿನ ಮೊದಲು ನಿಲ್ಲಿಸ್ಬೇಕು.

ಡೋಸ್ ವಾಪಸ್ 75ಕ್ಕೆ ಇಳಿಸಿದೆ. ಇದನ್ನ ಕೇಳಿ ನೀವು ಮನೇಲೇ ಮಾತ್ರೆ ಮುರೀಬೇಡಿ, ಒಬ್ಬೊಬ್ರ ಲೆಕ್ಕ ಒಂದೊಂದು. ಈ ಮಾತ್ರೆ ನಿಧಾನಕ್ಕೆ ಮೈಯಿಂದ ಇಳಿಯುತ್ತೆ, ಡೋಸ್ ಬದಲಾಯಿಸಿ ಆರೆಂಟು ವಾರ ಆಗದೆ ಟೆಸ್ಟ್ ಮಾಡಿಸಿದ್ರೆ ಅರ್ಥ ಇರಲ್ಲ. ಫೆಬ್ರವರಿ ಕೊನೇಲಿ ಬಂದ್ರು, ಟಿಎಸ್‌ಹೆಚ್ 2.1, ನಾಡಿ 76, ಕೈ ನಡುಕ ಇಲ್ಲ, ಹಗಲಿನ ಸೆಕೆ ಇಲ್ಲ.

ಆದ್ರೆ ಬೆವರು ಪೂರ್ತಿ ಹೋಗಿರ್ಲಿಲ್ಲ! ರಾತ್ರಿ ಐದಾರು ಸಲ ಇದ್ದದ್ದು ಎರಡು ಸಲ ಆಗಿತ್ತು, ಬರ್ತಿತ್ತು, ಎರಡು ನಿಮಿಷ, ಆಮೇಲೆ ಚಳಿ. ಇದು ಈಗ ಅಸಲಿ ಮೆನೋಪಾಸ್, ಎರಡೂ ಒಟ್ಟಿಗೇ ಇತ್ತು. ಹಾರ್ಮೋನ್ ಮಾತ್ರೆ ಬಗ್ಗೆ ಮಾತಾಡಿದ್ವಿ, ಝಳಕ್ಕೆ ಅದರಷ್ಟು ಕೆಲಸ ಮಾಡೋ ಔಷಧಿ ಬೇರೆ ಇಲ್ಲ, ಗರ್ಭಕೋಶ ಇರೋರಿಗೆ ಈಸ್ಟ್ರೋಜನ್ ಜೊತೆ ಪ್ರೊಜೆಸ್ಟರಾನ್ ಸೇರಿಸಿಯೇ ಕೊಡೋದು. ಇವ್ರ ತಾಯಿಗೆ ಕಾಲಲ್ಲಿ ರಕ್ತ ಹೆಪ್ಪುಗಟ್ಟಿತ್ತಂತೆ, ಹಾರ್ಮೋನ್ ಮಾತ್ರೆ ಆ ಅಪಾಯನ ಸ್ವಲ್ಪ ಏರಿಸುತ್ತೆ, ಅದಕ್ಕೆ ಅವಸರ ಬೇಡ ಅಂತ ಸದ್ಯ ಶುರು ಮಾಡ್ಲಿಲ್ಲ. ಹಾರ್ಮೋನ್ ಇಲ್ಲದ ಮಾತ್ರೆಗಳೂ ಇವೆ ಅಂದೆ. "ಎರಡು ಸಲ ತಾನೆ, ಇದೇನು ಅಂತ ಗೊತ್ತಾಯ್ತಲ್ಲ, ನೋಡೋಣ" ಅಂದ್ರು. ಒಂದು ದಪ್ಪ ಕಂಬಳಿ ಬದಲು ಎರಡು ತೆಳು ಹೊದಿಕೆ ಇಟ್ಕೊಂಡಿದ್ದಾರೆ, ಒಂದನ್ನ ಸರಿಸೋಕೆ ಸುಲಭ.

ಇಷ್ಟು ಹೇಳಿದ ಮೇಲೂ ಎರಡು ಥರದೋರು ಮಾತ್ರ ಈ ಮೂರರಲ್ಲಿ ಯಾವುದು ಅಂತ ಯೋಚಿಸ್ತಾ ಕೂರೋದು ಬೇಡ, ಸೀದಾ ಆಸ್ಪತ್ರೆಗೆ ಬನ್ನಿ. ರಾತ್ರಿ ಬೆವರಿನ ಜೊತೆ ಜ್ವರ, ಎರಡು ವಾರ ದಾಟಿದ ಕೆಮ್ಮು ಇರೋರು ಕಫ ಟೆಸ್ಟ್ ಮಾಡಿಸ್ಬೇಕು, ಟಿಬಿನೂ ಹೀಗೇ ಬೆವರಿಸುತ್ತೆ. ಮುಟ್ಟು ನಿಂತು ಒಂದು ವರ್ಷ ಆದ್ಮೇಲೆ ಮತ್ತೆ ರಕ್ತ ಕಂಡೋರು, ಒಂದೇ ಹನಿ ಆದ್ರೂ ಸರಿ, ಮುಂದಿನ ಸಂತೆ ದಿನ ಬರ್ತೀನಿ ಅನ್ಬೇಡಿ, ಆ ವಾರವೇ ಬನ್ನಿ.