ಮೂರು ತಿಂಗಳ ಶುಗರ್ ರಿಪೋರ್ಟ್ ಮತ್ತು ರಕ್ತದ ಕೆಂಪು ಕಣ

ಕೇಳುಗರೇ, ನಮಸ್ಕಾರ.

ಹೋದ ವರ್ಷ ಬೇಸಿಗೆಯಲ್ಲಿ ಜಗಳೂರು ಕಡೆಯ ಒಬ್ಬ ಹೆಣ್ಣುಮಗಳು ದಾವಣಗೆರೆಗೆ ನನ್ನ ಹತ್ತಿರ ಬಂದರು. ವಯಸ್ಸು 38. ಕೈಯಲ್ಲಿ ಒಂದು ರಿಪೋರ್ಟ್ ಇತ್ತು, ನಾಲ್ಕು ಮಡಿಕೆ ಹಾಕಿ ಹಾಕಿ ಗೆರೆಯಲ್ಲೇ ಹರಿಯುವಂತಾಗಿತ್ತು. ಅದರಲ್ಲಿ ಎಚ್‌ಬಿಎ1ಸಿ 6.7 ಎಂದಿತ್ತು. ನಾವು ಮಾತಿನಲ್ಲಿ 'ಮೂರು ತಿಂಗಳ ಶುಗರ್' ಅಂತೀವಲ್ಲ, ಅದೇ ಟೆಸ್ಟ್. 6.5 ಮುಟ್ಟಿದರೆ ಸಕ್ಕರೆ ಕಾಯಿಲೆ ಎಂದು ಲೆಕ್ಕ. "ನಮ್ಮನೇಲಿ ಯಾರ್ಗೂ ಶುಗರ್ ಇಲ್ರೀ ಡಾಕ್ಟ್ರೇ, ನನಗ್ಯಾಕೆ ಬಂತು?" ಎಂದು ಅತ್ತರು. ಮಾತ್ರೆ ಇನ್ನೂ ಶುರು ಮಾಡಿರಲಿಲ್ಲ. ಆದರೆ ಹೆದರಿ, ಎರಡು ರೊಟ್ಟಿ ತಿನ್ನುತ್ತಿದ್ದವರು ಒಂದಕ್ಕೆ ಇಳಿದಿದ್ದರು.

ಅವರ ಕಣ್ಣಿನ ಕೆಳರೆಪ್ಪೆ ಎಳೆದು ನೋಡಿದೆ. ಬಿಳಿಚಿಕೊಂಡಿತ್ತು. "ಹಸಿ ಅಕ್ಕಿ, ಸೀಮೆಸುಣ್ಣ ಏನಾದ್ರೂ ಬಾಯಿಗೆ ಹಾಕ್ಕೊಳ್ತೀರಾ ಅಮ್ಮಾ?" ಎಂದು ಕೇಳಿದೆ. ಅವರು ನಾಚಿಕೊಂಡು, ಅಕ್ಕಿ ಆರಿಸುವಾಗ ಒಂದು ಮುಷ್ಟಿ ಹಾಗೇ ಹೋಗುತ್ತದೆ ಎಂದರು. ಕಬ್ಬಿಣದ ಅಂಶ ತೀರಾ ಕಡಿಮೆಯಾದವರಲ್ಲಿ ಹೀಗೆ ತಿನ್ನಬೇಕು ಅನಿಸುವುದುಂಟು. ಮುಟ್ಟಿನಲ್ಲಿ ಎಂಟು ದಿನ ರಕ್ತ ಹೋಗುತ್ತಿತ್ತಂತೆ. ಹಿಮೋಗ್ಲೋಬಿನ್ ನೋಡಿಸಿದರೆ 7.8. ಹೆಂಗಸರಿಗೆ 12 ಆದರೂ ಇರಬೇಕು.

ಈ 7.8ಕ್ಕೂ ಆ 6.7ಕ್ಕೂ ಏನು ಸಂಬಂಧ? ಅದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ.

ರಸ್ತೆ ಪಕ್ಕದ ಬೇವಿನ ಮರ ನೆನಪಿಸಿಕೊಳ್ಳಿ. ಲಾರಿ ಓಡಾಡಿದಂತೆಲ್ಲ ಎಲೆ ಮೇಲೆ ಧೂಳು ಕೂರುತ್ತದೆ. ಒಂದು ಎಲೆ ಮೇಲೆ ಎಷ್ಟು ಧೂಳಿದೆ ಅನ್ನುವುದು ಎರಡು ವಿಷಯದ ಮೇಲೆ ನಿಂತಿದೆ. ಗಾಳಿಯಲ್ಲಿ ಎಷ್ಟು ಧೂಳಿತ್ತು, ಆ ಎಲೆ ಮರದ ಮೇಲೆ ಎಷ್ಟು ದಿನ ಇತ್ತು.

ನಮ್ಮ ರಕ್ತದ ಕೆಂಪು ಕಣ ಆ ಎಲೆಯ ಹಾಗೆ. ಮೂಳೆಯೊಳಗಿನ ಮಜ್ಜೆಯಲ್ಲಿ ಹುಟ್ಟಿ, ಸುಮಾರು 120 ದಿನ ಬದುಕುತ್ತದೆ. ಅದರೊಳಗೆ ಹಿಮೋಗ್ಲೋಬಿನ್ ತುಂಬಿರುತ್ತದೆ. ರಕ್ತದಲ್ಲಿರುವ ಸಕ್ಕರೆ ಈ ಹಿಮೋಗ್ಲೋಬಿನ್‌ಗೆ ನಿಧಾನವಾಗಿ ಅಂಟುತ್ತಾ ಹೋಗುತ್ತದೆ. ಒಮ್ಮೆ ಗಟ್ಟಿಯಾಗಿ ಅಂಟಿತೆಂದರೆ ಕಣ ಸಾಯುವವರೆಗೂ ಬಿಡುವುದಿಲ್ಲ. ನೂರು ಭಾಗ ಹಿಮೋಗ್ಲೋಬಿನ್‌ನಲ್ಲಿ ಎಷ್ಟು ಭಾಗಕ್ಕೆ ಹೀಗೆ ಸಕ್ಕರೆ ಅಂಟಿದೆ ಅನ್ನುವುದೇ ಎಚ್‌ಬಿಎ1ಸಿ. ಆದ್ದರಿಂದಲೇ ಇವತ್ತು ಬೆಳಿಗ್ಗೆ ಉಪವಾಸ ಇದ್ದರೂ ಅದು ಬದಲಾಗುವುದಿಲ್ಲ. ಮೂರು ತಿಂಗಳು ಅಂತೀವಿ ನಿಜ, ಆದರೆ ಅದರಲ್ಲಿ ಅರ್ಧದಷ್ಟು ಪಾಲು ಕಳೆದ ಒಂದು ತಿಂಗಳದ್ದೇ.

ಇದನ್ನು ಸರಾಸರಿ ಶುಗರ್‌ಗೆ ತಿರುಗಿಸುವ ಲೆಕ್ಕವೂ ಇದೆ. ಬಂದ ಸಂಖ್ಯೆಯನ್ನು 28.7ರಿಂದ ಗುಣಿಸಿ, 46.7 ಕಳೆಯಬೇಕು. 7 ಬಂದರೆ ಸರಾಸರಿ 154. ನಮ್ಮ ಈ ತಾಯಿಯ 6.7ಕ್ಕೆ ಸುಮಾರು 146 ಬರುತ್ತದೆ.

ಆದರೆ ಈ ಲೆಕ್ಕ ಒಂದು ಮಾತನ್ನು ನಂಬಿಕೊಂಡಿದೆ. ಎಲ್ಲರ ಕಣಗಳೂ ಮಾಮೂಲಿ ಆಯಸ್ಸನ್ನೇ ಬದುಕುತ್ತವೆ ಅನ್ನುವ ಮಾತು. ಕಬ್ಬಿಣದ ಅಂಶ ಕಡಿಮೆಯಾದಾಗ ಮಜ್ಜೆಯಲ್ಲಿ ಹೊಸ ಕಣ ಸಾಕಷ್ಟು ಹುಟ್ಟುವುದಿಲ್ಲ. ಮರಕ್ಕೆ ಚಿಗುರೇ ಇಲ್ಲ, ಹಳೆ ಎಲೆಗಳೇ ಜಾಸ್ತಿ. ಗಾಳಿಯಲ್ಲಿ ಧೂಳು ಹೆಚ್ಚದಿದ್ದರೂ ಮರ ಧೂಳು ಧೂಳಾಗಿ ಕಾಣುತ್ತದೆ. ಶುಗರ್ ಏರದಿದ್ದರೂ ಎಚ್‌ಬಿಎ1ಸಿ ಮೇಲೆ ಹೋಗಲು ಇದು ಮುಖ್ಯ ಕಾರಣ. ಬಿ12 ಕೊರತೆಯಲ್ಲೂ ಹೀಗಾಗಬಹುದು.

ಇವರಿಗೂ ಹಾಗೇ ಆಗಿದೆಯಾ ಅಂತ ತಿಳಿಯುವುದು ಹೇಗೆ? ಒಂದು ವಾರ ಮನೆಯಲ್ಲೇ ಮೀಟರ್‌ನಲ್ಲಿ ನೋಡಿ ಬರೆದಿಡಲು ಹೇಳಿದೆ. ಮಗ ಕಾಲೇಜು ಹುಡುಗ, ಅಚ್ಚುಕಟ್ಟಾಗಿ ಬರೆದು ತಂದ. ಖಾಲಿ ಹೊಟ್ಟೆಯಲ್ಲಿ 88ರಿಂದ 98. ಊಟವಾಗಿ ಎರಡು ಗಂಟೆಗೆ 115, 124, 131. ಇಡೀ ವಾರದಲ್ಲಿ ಅತಿ ಹೆಚ್ಚು ಅಂದರೆ 138. ಅತಿ ಹೆಚ್ಚೇ 138 ಇರುವವರ ಸರಾಸರಿ 146 ಆಗುತ್ತದಾ? ಆಗುವುದಿಲ್ಲ ಅಲ್ವಾ. ಅದೂ ಅಲ್ಲದೆ, ರಕ್ತ ಕಡಿಮೆ ಇದ್ದವರಲ್ಲಿ ಕೆಲವು ಮೀಟರ್‌ಗಳು ಇರುವುದಕ್ಕಿಂತ ಸ್ವಲ್ಪ ಜಾಸ್ತಿಯೇ ತೋರಿಸುತ್ತವೆ.

ಬೆರಳು ಚುಚ್ಚಿ ನೋಡಿದ್ದನ್ನೇ ನಂಬಿ ಬಿಡಲಿಲ್ಲ. ಮೊದಲಿನಂತೆ ಹೊಟ್ಟೆ ತುಂಬ ಊಟ ಮಾಡಿಕೊಂಡಿರಲು ಹೇಳಿ, ನಾಲ್ಕು ದಿನ ಬಿಟ್ಟು ಲ್ಯಾಬ್‌ಗೆ ಕಳಿಸಿದೆ. ಖಾಲಿ ಹೊಟ್ಟೆಯಲ್ಲಿ ಒಮ್ಮೆ ರಕ್ತ ತೆಗೆದು, 75 ಗ್ರಾಂ ಗ್ಲೂಕೋಸ್ ಕುಡಿಸಿ, ಎರಡು ಗಂಟೆ ಬಿಟ್ಟು ಮತ್ತೆ ತೆಗೆದರು. ಮೊದಲು 92, ಆಮೇಲೆ 126. ಎರಡನೆಯದು 140ರ ಒಳಗಿದ್ದರೆ ಮಾಮೂಲಿ, 200 ಮುಟ್ಟಿದರೆ ಸಕ್ಕರೆ ಕಾಯಿಲೆ. ಅಂದರೆ ಇವರಿಗೆ ಶುಗರ್ ಇರಲಿಲ್ಲ. ಇದ್ದದ್ದು ರಕ್ತಹೀನತೆ. ಆ ಒಂದು ರೊಟ್ಟಿಯನ್ನೂ ಅವರು ಸುಮ್ನೆ ಬಿಟ್ಟಿದ್ದರು ಅನ್ನುವುದು ನನಗೆ ಇವತ್ತಿಗೂ ನೋವು ಕೊಡುತ್ತದೆ.

ಕಬ್ಬಿಣದ ಮಾತ್ರೆ ಶುರುವಾಯಿತು, ಮುಟ್ಟಿನ ತೊಂದರೆಗೆ ಬೇರೆ ಚಿಕಿತ್ಸೆಯೂ ಆಯಿತು. ಎರಡು ತಿಂಗಳಿಗೆ ಎಚ್‌ಬಿಎ1ಸಿ 5.3ಕ್ಕೆ ಬಂತು. ಮನೆಯವರಿಗೆಲ್ಲ ಖುಷಿ. ಆದರೆ ಈ 5.3ನ್ನೂ ನಾನು ಪೂರ್ತಿ ನಂಬಲಿಲ್ಲ. ಕಬ್ಬಿಣ ಸಿಕ್ಕ ಕೂಡಲೇ ಮರ ಒಮ್ಮೆಲೇ ಚಿಗುರಿದೆ. ಎಲ್ಲ ಎಳೆ ಎಲೆ, ಧೂಳು ಕೂರಲು ಇನ್ನೂ ಸಮಯ ಸಿಕ್ಕಿಲ್ಲ. ಆರು ತಿಂಗಳಾಗಿ ಹಿಮೋಗ್ಲೋಬಿನ್ 12.4ರಲ್ಲಿ ನಿಂತ ಮೇಲೆ ನೋಡಿದಾಗ 5.6 ಬಂತು. ಅದೇ ಅವರ ನಿಜವಾದ ಸಂಖ್ಯೆ.

ಇಲ್ಲಿ ಒಂದು ಎಚ್ಚರ ಬೇಕು. ರಕ್ತಹೀನತೆ ಹೀಗೆ ಏರಿಸುವುದು ಸಾಮಾನ್ಯವಾಗಿ ಸ್ವಲ್ಪವೇ. ಗಡಿಯ ಹತ್ತಿರ, 6, 6.5, 7ರ ಆಸುಪಾಸಿನಲ್ಲಿ ಇರುವವರಿಗೆ ಅದು ದೊಡ್ಡ ವ್ಯತ್ಯಾಸ. 9 ಬಂದವರು 'ನನಗೆ ರಕ್ತ ಕಡಿಮೆ, ಅದಕ್ಕೇ ಹೀಗೆ' ಎಂದು ಮಾತ್ರೆ ಬಿಡಬಾರದು.

ಇದರ ಉಲ್ಟಾ ಇನ್ನೂ ಅಪಾಯದ್ದು. ಎಲೆ ಬೇಗ ಬೇಗ ಉದುರಿ ಹೊಸದು ಬರುತ್ತಿದ್ದರೆ ಮರ ಯಾವಾಗಲೂ ಶುದ್ಧವಾಗಿ ಕಾಣುತ್ತದೆ. ಮೂಲವ್ಯಾಧಿಯಲ್ಲಿ ರಕ್ತ ಹೋಗುತ್ತಿದ್ದು, ದೇಹ ಹೊಸ ಕಣಗಳನ್ನು ಹುಟ್ಟಿಸುತ್ತಾ ಅದನ್ನು ತುಂಬುತ್ತಿರುವವರು, ಕಣಗಳು ಒಳಗೇ ಒಡೆಯುವ ಕಾಯಿಲೆ ಇರುವವರು, ಡಯಾಲಿಸಿಸ್‌ನಲ್ಲಿದ್ದು ರಕ್ತ ಹೆಚ್ಚಿಸುವ ಇಂಜೆಕ್ಷನ್ ತೆಗೆದುಕೊಳ್ಳುವವರು, ಇವರಲ್ಲಿ ಎಚ್‌ಬಿಎ1ಸಿ ಸುಳ್ಳಾಗಿ ಕಡಿಮೆ ಬರುತ್ತದೆ. ರಕ್ತ ಹಾಕಿಸಿಕೊಂಡವರಲ್ಲಿ ಬೇರೆಯವರ ಕಣಗಳೂ ಸೇರಿರುವುದರಿಂದ ಮೂರು ತಿಂಗಳು ಈ ಟೆಸ್ಟ್ ನಂಬುವಂತಿಲ್ಲ. ರಿಪೋರ್ಟ್ 6.3 ಅನ್ನುತ್ತದೆ, ಮನೆಯ ಮೀಟರ್ ದಿನಾ 190, 210 ಅನ್ನುತ್ತದೆ ಅಂದರೆ, ಮೀಟರ್ ಕೆಟ್ಟಿದೆ ಅಂದುಕೊಳ್ಳಬೇಡಿ. ಎರಡನ್ನೂ ತೆಗೆದುಕೊಂಡು ಡಾಕ್ಟರ ಹತ್ತಿರ ಹೋಗಿ.

ಇನ್ನು ಕೆಲವರ ಹಿಮೋಗ್ಲೋಬಿನ್ನೇ ಹುಟ್ಟಿನಿಂದ ಬೇರೆ ತರಹ ಇರುತ್ತದೆ. ಸಿಕಲ್ ಸೆಲ್ ಕಾಯಿಲೆಯ ಎಸ್, ಈಶಾನ್ಯ ರಾಜ್ಯಗಳಲ್ಲಿ ಹೆಚ್ಚು ಕಾಣುವ ಇ, ಪಂಜಾಬ್ ಕಡೆಯ ಡಿ ಅಂಥವು. ತಂದೆ ತಾಯಿ ಇಬ್ಬರಿಂದಲೂ ಎಸ್ ಬಂದಿದ್ದರೆ, ಸಕ್ಕರೆ ಅಂಟಿದ್ದನ್ನು ಅಳೆಯಬೇಕಾದ ಎ ಹಿಮೋಗ್ಲೋಬಿನ್ನೇ ಇರುವುದಿಲ್ಲ. ಅಳೆಯುವುದಾದರೂ ಏನನ್ನು? ಒಬ್ಬರಿಂದ ಮಾತ್ರ ಬಂದಿದ್ದರೆ ಆಳು ಆರೋಗ್ಯವಾಗಿಯೇ ಇರುತ್ತಾರೆ, ವಿಷಯ ಗೊತ್ತೂ ಇರುವುದಿಲ್ಲ. ಆದರೆ ಕೆಲವು ಮೆಷಿನ್‌ಗಳು ಎರಡನ್ನೂ ಬೇರೆ ಮಾಡಲಾಗದೆ ತಪ್ಪು ಸಂಖ್ಯೆ ಕೊಡುತ್ತವೆ. ಲ್ಯಾಬ್ ಬದಲಾಯಿಸಿದ ಕೂಡಲೇ ಸಂಖ್ಯೆ ಒಂದೆರಡು ಅಂಕ ಹಾರಿದರೆ, ಅಥವಾ ರಿಪೋರ್ಟಿನ ಗ್ರಾಫ್‌ನಲ್ಲಿ ಒಂದು ಬೇರೆ ಗೋಪುರ ಎದ್ದಿದ್ದರೆ, ಇದನ್ನು ಅನುಮಾನಿಸಬೇಕು. ಗ್ರಾಫ್ ಇರುವ ಹಾಳೆಯನ್ನು ಲ್ಯಾಬ್‌ನಲ್ಲಿ ಕೇಳಿ ಪಡೆಯಿರಿ.

ಇಂಥವರಿಗೆ ಫ್ರಕ್ಟೋಸಮೀನ್ ಎಂಬ ಇನ್ನೊಂದು ಟೆಸ್ಟ್ ಇದೆ. ಅದು ಕೆಂಪು ಕಣದ ತಂಟೆಗೇ ಹೋಗುವುದಿಲ್ಲ. ರಕ್ತದ ನೀರಿನಂಶದಲ್ಲಿರುವ ಪ್ರೋಟೀನ್‌ಗೆ ಅಂಟಿದ ಸಕ್ಕರೆ ಅಳೆದು, ಎರಡು ಮೂರು ವಾರದ ಲೆಕ್ಕ ಕೊಡುತ್ತದೆ. ಅದು ಸಿಗದ ಊರಿನಲ್ಲಿ ಮೀಟರ್ ಮತ್ತು ಒಂದು ನೋಟ್‌ಬುಕ್ ಸಾಕು. ದಿನಾಂಕ, ಹೊತ್ತು, ಊಟದ ಮುಂಚೆಯೋ ಆಮೇಲೋ, ಬಂದ ಸಂಖ್ಯೆ, ಇಷ್ಟನ್ನು ಬರೆದಿರಬೇಕು. ಮುಂದಿನ ಸಲ ಎಚ್‌ಬಿಎ1ಸಿಗೆ ರಕ್ತ ಕೊಡುವಾಗ ಅದೇ ದಿನ ಹಿಮೋಗ್ಲೋಬಿನ್ ಕೂಡ ನೋಡಲು ಹೇಳಿ, ಎರಡೂ ಸಂಖ್ಯೆಯನ್ನು ಆ ನೋಟ್‌ಬುಕ್‌ನ ಒಂದೇ ಪುಟದಲ್ಲಿ ಬರೆದುಕೊಳ್ಳಿ.

ನಮಸ್ಕಾರ.