ಫ್ಲೈಯರ್‌ನ ನೀಲಿ ಪ್ರಿಂಟ್ ಆದಾಗ ನೇರಳೆ ಆಗೋದು ಯಾಕೆ?

[ಪರದೆ: ಎಡಕ್ಕೆ ಮಾನಿಟರ್‌ನಲ್ಲಿ ಫ್ಲೈಯರ್, ಬಲಕ್ಕೆ ಪ್ರಿಂಟ್ ಆದ ಪ್ರತಿ]

ರಾಜ್ಯೋತ್ಸವಕ್ಕೆ ಮಾಡಿಸಿದ ಎ5 ಫ್ಲೈಯರ್ ಇದು. ಹಳದಿ, ಕೆಂಪು ಚೆನ್ನಾಗೇ ಬಂದಿವೆ. ಕೆಳಗಿನ ನೀಲಿ ಪಟ್ಟಿ ಮಾತ್ರ ಮಂಕಾಗಿ ನೇರಳೆಗೆ ತಿರುಗಿದೆ. ಇಂಥದ್ದನ್ನ ನೋಡಿದ ಕೂಡಲೇ ಪ್ರೆಸ್‌ನವರನ್ನ ದೂರಬೇಡಿ, ಮೊದಲು ಫೈಲ್ ತೆಗೆದು ನೋಡಿ.

ಮಾನಿಟರ್ ಬಣ್ಣ ತೋರಿಸೋದು ಕೆಂಪು, ಹಸಿರು, ನೀಲಿ ಬೆಳಕಿನಿಂದ, ಇದೇ ಆರ್‌ಜಿಬಿ. ಪ್ರೆಸ್‌ನಲ್ಲಿರೋದು ನಾಲ್ಕೇ ಇಂಕು: ಸಯಾನ್, ಮಜೆಂತಾ, ಹಳದಿ, ಕಪ್ಪು, ಅಂದರೆ ಸಿಎಂವೈಕೆ. ಹಳದಿಗೆ ಅದರದ್ದೇ ಇಂಕು ಇದೆ. ಕೆಂಪಿಗೆ ಮಜೆಂತಾ, ಹಳದಿ ಸೇರಿದರೆ ಸಾಕು. ನೀಲಿಗೆ ಸಯಾನ್ ಜೊತೆ ಮಜೆಂತಾ ಬೆರೆಸಬೇಕು. ಆರ್‌ಜಿಬಿಯ ಕಡುನೀಲಿಯನ್ನ ಸಾಫ್ಟ್‌ವೇರ್ ತಾನಾಗೇ ಸಿಎಂವೈಕೆಗೆ ಬದಲಿಸಿದರೆ ಎರಡನ್ನೂ ಹೆಚ್ಚುಕಡಿಮೆ ಸಮಸಮ ಹಾಕಿಬಿಡುತ್ತೆ. ಮಜೆಂತಾ ಜಾಸ್ತಿಯಾದ ನೀಲಿ ನೇರಳೆಯಾಗುತ್ತೆ.

[ಪರದೆ: C 100, M 60, Y 0, K 0]

ಅದಕ್ಕೇ ನೀಲಿಯನ್ನ ನೀವೇ ಕೈಯಾರೆ ಕೊಡಿ: ಸಯಾನ್ 100, ಮಜೆಂತಾ 60. ಸ್ಕ್ರೀನ್‌ನಷ್ಟು ಹೊಳೆಯೋದಿಲ್ಲ, ಆದರೆ ನೀಲಿಯಾಗೇ ಉಳಿಯುತ್ತೆ. ಮಂಕಾಗೋದಕ್ಕೆ ಇನ್ನೊಂದು ದೊಡ್ಡ ಕಾರಣ, ಬೇಡದ ಮೂರನೇ ಇಂಕು. ಕಿತ್ತಳೆಗೆ ಮಜೆಂತಾ 50, ಹಳದಿ 100 ಸಾಕು. ಅದಕ್ಕೆ ಸಯಾನ್ 20 ಸೇರಿತೋ, ಕಂದು ಛಾಯೆ ಬಂತು ಅಂತಲೇ ಲೆಕ್ಕ. ಕಾಗದವೂ ನೋಡಿಕೊಳ್ಳಿ: ಮ್ಯಾಪ್ಲಿಥೊ ಇಂಕು ಹೀರಿಕೊಳ್ಳುತ್ತೆ, ಅದೇ ಫೈಲ್ ಆರ್ಟ್ ಪೇಪರ್ ಮೇಲೆ ಹೆಚ್ಚು ಗಾಢವಾಗಿ ಕಾಣುತ್ತೆ.

[ಪರದೆ: ಅಂಚಿನಲ್ಲಿ ಬಿಳಿ ಗೆರೆ, ಹತ್ತಿರದಿಂದ]

ಈ ಬಿಳಿ ಗೆರೆ ಬ್ಲೀಡ್ ಇಲ್ಲದ್ದರ ಗುರುತು. ಕಟಿಂಗ್ ಮಷೀನ್‌ನಲ್ಲಿ ನೂರಾರು ಹಾಳೆ ಒಟ್ಟಿಗೆ ಕತ್ತರಿಸುವಾಗ ಒಂದು ಮಿಲಿಮೀಟರ್ ಆಚೀಚೆ ಆಗೋದು ಮಾಮೂಲಿ. ಹಾಗಾಗಿ ಹಿನ್ನೆಲೆಯನ್ನ ನಾಲ್ಕೂ ಕಡೆ 3 ಮಿ.ಮೀ. ಹೊರಗೆ ಎಳೆಯಿರಿ, ಇದೇ ಬ್ಲೀಡ್. 148×210 ಇದ್ದದ್ದು 154×216 ಆಗುತ್ತೆ. ಅಕ್ಷರ, ಲೋಗೊಗಳು ಕಟ್ ಗೆರೆಯಿಂದ 5 ಮಿ.ಮೀ. ಒಳಗೇ ಇರಲಿ.

ಹಿನ್ನೆಲೆಯಲ್ಲಿ ಪೂರ್ತಿ ಫೋಟೊ ಇದ್ದರೆ, ಈ ಅಳತೆಗೆ ಇಂಚಿಗೆ 300 ಪಿಕ್ಸೆಲ್ ಲೆಕ್ಕದಲ್ಲಿ ಸುಮಾರು 1819×2551 ಪಿಕ್ಸೆಲ್ ಬೇಕು. ಉದ್ದದ ಬದಿ 1600 ಪಿಕ್ಸೆಲ್ ಇರೋ ಫೋಟೊ ಹಾಕಿದರೆ ಇಂಚಿಗೆ 188 ಮಾತ್ರ ಸಿಗುತ್ತೆ, ಮುಖಗಳು ಮಸುಕಾಗುತ್ತವೆ. ಬಾಕ್ಸ್‌ನಲ್ಲಿ 300 ಅಂತ ಟೈಪ್ ಮಾಡಿದರೆ ಪಿಕ್ಸೆಲ್ ಹೆಚ್ಚಬಹುದು, ವಿವರ ಹೆಚ್ಚೋದಿಲ್ಲ. ವಾಟ್ಸ್ಆ್ಯಪ್‌ನಲ್ಲಿ ಫೋಟೊ ತರಿಸಿಕೊಳ್ಳೋದಾದರೆ ಡಾಕ್ಯುಮೆಂಟ್ ಆಗಿ ಕಳಿಸೋಕೆ ಹೇಳಿ.

[ಪರದೆ: ಇಲಸ್ಟ್ರೇಟರ್‌ನ ಪಿಡಿಎಫ್ ವಿಂಡೊ]

ಡಾಕ್ಯುಮೆಂಟ್ ಸೆಟಪ್‌ನಲ್ಲಿ ಬ್ಲೀಡ್ 3 ಮಿ.ಮೀ. ಇದೆಯಾ ನೋಡಿಕೊಂಡು, ಪಿಡಿಎಫ್ ಮಾಡುವಾಗ `Marks and Bleeds` ಒಳಗೆ `Use Document Bleed Settings` ಟಿಕ್ ಮಾಡಿ. ಇದನ್ನ ಬಿಟ್ಟರೆ ಎಳೆದ 3 ಮಿ.ಮೀ. ಫೈಲ್‌ಗೆ ಬರೋದೇ ಇಲ್ಲ.

ಆಮೇಲೆ ಆಕ್ರೊಬ್ಯಾಟ್ ಪ್ರೊನಲ್ಲಿ `Output Preview` ತೆರೆದು ನೀಲಿ ಪಟ್ಟಿ ಮೇಲೆ ಮೌಸ್ ಇಡಿ. ಸಯಾನ್ 100, ಮಜೆಂತಾ 60 ತೋರಿಸಬೇಕು. ಸಣ್ಣ ಅಕ್ಷರಗಳ ಮೇಲೆ ಇಟ್ಟಾಗ ಕಪ್ಪು 100, ಉಳಿದ ಮೂರೂ ಸೊನ್ನೆ ಇರಬೇಕು. ನಾಲ್ಕೂ ಇಂಕು ಕಂಡರೆ ಅಲ್ಲೇ ನಿಲ್ಲಿಸಿ ಸರಿಮಾಡಿ: ಪ್ಲೇಟ್ ಕೂದಲೆಳೆಯಷ್ಟು ಸರಿದರೂ ಒತ್ತಕ್ಷರಗಳ ಸುತ್ತ ಬಣ್ಣದ ನೆರಳು ಬಿದ್ದು ಓದೋಕಾಗೋದಿಲ್ಲ.